ಒಂದೇ ಕ್ಯೂ, ಮೂರು ಉತ್ತರ: ಲ್ಯಾಬ್‌ನಲ್ಲಿ ಸ್ಕ್ಯಾನ್ ಮತ್ತು ಎಸ್‌ಎಸ್‌ಟಿಎಫ್ ಹೋಲಿಸುವಾಗ ಎದ್ದ ಪ್ರಶ್ನೆ

ಶರಣು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಕಂಪ್ಯೂಟರ್ ಸೈನ್ಸ್ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಕಳೆದ ವಾರ ಆಪರೇಟಿಂಗ್ ಸಿಸ್ಟಂ ಲ್ಯಾಬ್‌ನಲ್ಲಿ ಡಿಸ್ಕ್ ಶೆಡ್ಯೂಲಿಂಗ್ ಪ್ರೋಗ್ರಾಂ, ಅಂದರೆ ಕಾಯುತ್ತಿರುವ ಕೋರಿಕೆಗಳನ್ನು ಡಿಸ್ಕ್‌ನ ಹೆಡ್ ಯಾವ ಕ್ರಮದಲ್ಲಿ ಪೂರೈಸಬೇಕು ಎಂದು ನಿರ್ಧರಿಸುವ ಪ್ರೋಗ್ರಾಂ ಬರೆಯಲು ಹೇಳಿದರು. ಸಿಲಿಂಡರ್‌ಗಳು 0 ರಿಂದ 199, ಹೆಡ್ 60 ರಲ್ಲಿದೆ, ಕ್ಯೂ ಹೀಗಿದೆ: 85, 12, 150, 64, 178, 30, 110, 58.

ಅತಿ ಹತ್ತಿರದ ಕೋರಿಕೆಗೆ ಮೊದಲು ಹೋಗುವ ಎಸ್‌ಎಸ್‌ಟಿಎಫ್‌ಗೆ ಹೆಡ್‌ನ ಒಟ್ಟು ಚಲನೆ ನನಗೆ 288 ಸಿಲಿಂಡರ್ ಬಂದಿತು ಮತ್ತು ಪಕ್ಕದ ಬೆಂಚಿನವರಿಗೂ ಅಷ್ಟೇ ಬಂದಿತು. ಆದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡುವ ಸ್ಕ್ಯಾನ್‌ಗೆ ನನ್ನ ಪ್ರೋಗ್ರಾಂ 284 ಎಂದು ತೋರಿಸಿದರೆ, ಗೆಳೆಯನದು 326 ಎಂದು ತೋರಿಸಿತು, ಮೂರನೆಯವನದು 238 ಎಂದು ತೋರಿಸಿತು. ರೆಕಾರ್ಡ್‌ನಲ್ಲಿ 326 ಬರೆದವರಿಗೆ ಸಹಿ ಸಿಕ್ಕಿತು. ಅದನ್ನು ಬರೆದ ಗೆಳೆಯನು ಕೊನೆಯಲ್ಲಿ «ಎಸ್‌ಎಸ್‌ಟಿಎಫ್ ಉತ್ತಮ» ಎಂಬ ತೀರ್ಮಾನವನ್ನೂ ಬರೆದಿದ್ದ. ವೈವಾದಲ್ಲಿ «ಹಾಗಿದ್ದರೆ ಸ್ಕ್ಯಾನ್ ಏಕೆ ಬೇಕು?» ಎಂದು ಕೇಳಿದಾಗ ನಮ್ಮಲ್ಲಿ ಯಾರೂ ಉತ್ತರಿಸಲಿಲ್ಲ.

ಮೂರರಲ್ಲಿ ಯಾವುದು ಸರಿ ಎಂಬುದಷ್ಟೇ ಅಲ್ಲ, ಆ ಕೊನೆಯ ಪ್ರಶ್ನೆಗೂ ಉತ್ತರ ತಿಳಿಯಬೇಕಾಗಿದೆ.

ರಫೀಕ್, ಹುಮನಾಬಾದ್

ಶರಣು, 326 ಸರಿ. ನೀವು ಬರೆದದ್ದು ಸ್ಕ್ಯಾನ್ ಅಲ್ಲ, ಲುಕ್. ಸ್ಕ್ಯಾನ್‌ನಲ್ಲಿ ಹೆಡ್ ಕೊನೆಯ ಸಿಲಿಂಡರ್ 199 ರವರೆಗೂ ಹೋಗಿಯೇ ತಿರುಗಬೇಕು, ನಿಮ್ಮದು ಕೊನೆಯ ಕೋರಿಕೆಯಾದ 178 ರಲ್ಲಿಯೇ ತಿರುಗಿದೆ. ಆ 21 ಸಿಲಿಂಡರ್‌ಗಳನ್ನು ಹೋಗುವಾಗಲೂ ಬರುವಾಗಲೂ ಸೇರಿಸಿದರೆ 42 ಆಗುತ್ತದೆ. 284 ಕ್ಕೆ 42 ಕೂಡಿಸಿದರೆ 326.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಎಸ್‌ಎಸ್‌ಟಿಎಫ್ ಪ್ರತಿ ಹೆಜ್ಜೆಯಲ್ಲಿಯೂ ಅತಿ ಹತ್ತಿರದ್ದನ್ನೇ ಆರಿಸುವುದರಿಂದ ಒಟ್ಟು ಚಲನೆ ಯಾವಾಗಲೂ ಅದರಲ್ಲಿಯೇ ಕಡಿಮೆ. ಸ್ಕ್ಯಾನ್ ಬಳಸುವುದು ಕೇವಲ ಸ್ಟಾರ್ವೇಷನ್, ಅಂದರೆ ಒಂದು ಕೋರಿಕೆ ಕಾಯುತ್ತಲೇ ಉಳಿಯುವುದನ್ನು ತಪ್ಪಿಸುವುದಕ್ಕಾಗಿ.

ಶರಣು, ಕಲಬುರಗಿ

ಆದರೆ ಅಣ್ಣ, ನನ್ನ ಲುಕ್‌ನ ಮೊತ್ತ 284, ಎಸ್‌ಎಸ್‌ಟಿಎಫ್‌ನ ಮೊತ್ತ 288. «ಯಾವಾಗಲೂ ಕಡಿಮೆ» ಎಂಬುದು ಈ ಕ್ಯೂನಲ್ಲಿಯೇ ನಿಲ್ಲುತ್ತಿಲ್ಲವಲ್ಲ?

ಸುವರ್ಣಾ, ಬೀದರ್

ಶರಣು ಸರಿಯಾದ ಜಾಗದಲ್ಲಿ ಬೆರಳಿಟ್ಟಿದ್ದಾರೆ. ನಾನು ಈ ಲ್ಯಾಬ್ ಅನ್ನು ಹಲವು ವರ್ಷಗಳಿಂದ ನಡೆಸುತ್ತಿದ್ದೇನೆ, ಪ್ರತಿ ಬ್ಯಾಚ್‌ನಲ್ಲಿಯೂ ರಫೀಕ್ ಹೇಳಿದ ಮಾತು ಯಾರಾದರೊಬ್ಬರ ರೆಕಾರ್ಡ್‌ನಲ್ಲಿ ಇದ್ದೇ ಇರುತ್ತದೆ.

ಎಸ್‌ಎಸ್‌ಟಿಎಫ್ ನಡೆದ ದಾರಿಯನ್ನು ಕಾಗದದ ಮೇಲೆ ಬರೆದು ನೋಡಿ: 60, 58, 64, 85, 110, 150, 178, 30, 12. ಹೆಡ್ 58 ಕ್ಕೆ ಇಳಿದಿತ್ತು. ಅಲ್ಲಿಂದ 30 ಕ್ಕೆ 28 ಹೆಜ್ಜೆ, 64 ಕ್ಕೆ 6 ಹೆಜ್ಜೆ. ಹತ್ತಿರದ್ದು ಎಂದು 64 ನ್ನು ಆರಿಸಿಕೊಂಡು ಮೇಲೆ ಹೊರಟಿತು, ಆಮೇಲೆ ಪ್ರತಿ ಬಾರಿಯೂ ಮೇಲಿನದೇ ಹತ್ತಿರವಾಯಿತು, ಕೊನೆಗೆ 178 ರಿಂದ 30 ಕ್ಕೆ ಒಂದೇ ನೆಗೆತದಲ್ಲಿ 148 ಸಿಲಿಂಡರ್ ಹಿಂದಿರುಗಬೇಕಾಯಿತು. ಒಟ್ಟು 288 ರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದು ನೆಗೆತಕ್ಕೇ ಹೋಯಿತು. ಈಗಿನ ಹೆಜ್ಜೆ ಚಿಕ್ಕದಾಗಿದ್ದ ಮಾತ್ರಕ್ಕೆ ಮುಂದಿನ ದಾರಿಯೆಲ್ಲ ಚಿಕ್ಕದಾಗುತ್ತದೆ ಎಂಬ ಖಾತರಿ ಇಲ್ಲ.

ಹಾಗಾದರೆ ಈ ಕ್ಯೂಗೆ ಕನಿಷ್ಠ ಎಷ್ಟು? ಅದಕ್ಕೆ ಪ್ರೋಗ್ರಾಂ ಬೇಡ. ಹೆಡ್ ಹೇಗೆ ಓಡಾಡಿದರೂ 12 ನ್ನೂ 178 ನ್ನೂ ಮುಟ್ಟಲೇಬೇಕು. ಎರಡರಲ್ಲಿ ಒಂದನ್ನು ಮೊದಲು ಮುಟ್ಟಿ, ಅಲ್ಲಿಂದ ಇನ್ನೊಂದಕ್ಕೆ 166 ಸಿಲಿಂಡರ್ ನಡೆಯಬೇಕು. 60 ರಿಂದ 12 ಕ್ಕೆ 48, 178 ಕ್ಕೆ 118. ಹತ್ತಿರದ ತುದಿಯನ್ನು ಮೊದಲು ಮುಟ್ಟಿದರೆ 48 ಮತ್ತು 166 ಸೇರಿ 214. ಇದಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ. ಇದು ಕೆಳಮುಖವಾಗಿ ಹೊರಟ ಲುಕ್‌ನ ಮೊತ್ತವೇ ಆಗಿದೆ.

ಮೂರನೆಯ ಗೆಳೆಯನ 238 ಕೂಡ ತಪ್ಪಲ್ಲ. ಅವರು ದಿಕ್ಕನ್ನು ಸೊನ್ನೆಯ ಕಡೆಗೆ ಇಟ್ಟುಕೊಂಡಿದ್ದಾರೆ: 60 ರಿಂದ 0 ಕ್ಕೆ 60, ಅಲ್ಲಿಂದ 178 ಕ್ಕೆ 178. ದಿಕ್ಕನ್ನು ಹೇಳದೆ ಪ್ರಶ್ನೆ ಕೊಟ್ಟರೆ 326 ಕ್ಕೆ ಎಷ್ಟು ಹಕ್ಕಿದೆಯೋ 238 ಕ್ಕೂ ಅಷ್ಟೇ ಹಕ್ಕಿದೆ.

ರಫೀಕ್, ಹುಮನಾಬಾದ್

ಒಪ್ಪುತ್ತೇನೆ ಮೇಡಂ, «ಯಾವಾಗಲೂ» ಎಂದು ಬರೆದದ್ದು ನನ್ನ ತಪ್ಪು. ಆದರೆ ಪರೀಕ್ಷೆಯಲ್ಲಿ ಸ್ಕ್ಯಾನ್ ಎಂದು ಕೇಳಿದಾಗ ತುದಿಯನ್ನು ಮುಟ್ಟಿಸದಿದ್ದರೆ ಅಂಕ ಕಡಿಮೆಯಾಗುತ್ತದೆ ಎಂಬುದನ್ನು ನಾನು ಬಿಟ್ಟುಕೊಡುವುದಿಲ್ಲ.

ಚಂದ್ರಕಾಂತ, ಆಳಂದ

ಕೋರಿಕೆಯೇ ಇಲ್ಲದ 199 ಕ್ಕೆ ಹೆಡ್ ಏಕೆ ಹೋಗಬೇಕು? ನಾನು ಸ್ಟೋರೇಜ್ ಸರ್ವರ್‌ಗಳ ಉಸ್ತುವಾರಿ ಕೆಲಸದಲ್ಲಿದ್ದೇನೆ. ಕೆಲಸವಿಲ್ಲದ ತುದಿಯವರೆಗೆ ಹೋಗಿ ಬರುವುದರಿಂದ ಸಿಗುವ ಲಾಭ ಏನೂ ಇಲ್ಲ. ಪಠ್ಯದ ಸ್ಕ್ಯಾನ್ ಅನ್ನು ಕಾರ್ಯರೂಪಕ್ಕೆ ತಂದಾಗ ಅದು ಲುಕ್ ಆಗುತ್ತದೆ. ಲ್ಯಾಬ್‌ನಲ್ಲಿ 326 ಕ್ಕೆ ಮಾತ್ರ ಸಹಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಸುವರ್ಣಾ, ಬೀದರ್

ಚಂದ್ರಕಾಂತ ಅವರೇ, ಇದರಲ್ಲಿ ನಾನು ರಫೀಕ್ ಪರ. ಹೆಸರು ಬೇರೆ ಇರುವಾಗ ನಡವಳಿಕೆಯೂ ಬೇರೆ ಎಂದೇ ತಿಳಿಯಬೇಕು. ವಿದ್ಯಾರ್ಥಿಯು ಲುಕ್ ಬರೆದು ಅದನ್ನು ಸ್ಕ್ಯಾನ್ ಎಂದು ಕರೆದರೆ ನಾನು ಸಹಿ ಮಾಡುವುದಿಲ್ಲ, ಲುಕ್ ಎಂದು ಕರೆದರೆ ಮಾಡುತ್ತೇನೆ. ಪ್ರೋಗ್ರಾಂನ ಮೊದಲ ಸಾಲಿನಲ್ಲಿ «ದಿಕ್ಕು ಮೇಲೆ, ತುದಿಯನ್ನು ಮುಟ್ಟುತ್ತದೆ» ಎಂದು ಒಂದು ಕಮೆಂಟ್ ಇರಲಿ ಎಂದಷ್ಟೇ ನನ್ನ ಆಗ್ರಹ.

ನಾಗವೇಣಿ, ಸೇಡಂ

ಇದೇ ಕ್ಯೂವನ್ನು ನನ್ನ ಪ್ರೋಗ್ರಾಂಗೆ ಕೊಟ್ಟು ನೋಡಿದೆ. ನನಗೆ ಎಸ್‌ಎಸ್‌ಟಿಎಫ್ ಮೊತ್ತ 122 ಬರುತ್ತಿದೆ! ಎಲ್ಲರದಕ್ಕಿಂತ ಕಡಿಮೆ. ನಮ್ಮ ಲ್ಯಾಬ್‌ನಲ್ಲಿ ಕೊಟ್ಟಿದ್ದ ಕ್ಯೂಗೆ ಇದೇ ಪ್ರೋಗ್ರಾಂ ಸರಿಯಾದ ಉತ್ತರ ಕೊಟ್ಟಿತ್ತು, ಆದ್ದರಿಂದ ಪ್ರೋಗ್ರಾಂ ಸರಿ ಇದೆ ಎಂದೇ ನಂಬಿದ್ದೇನೆ. ಹಾಗಾದರೆ ನಿಮ್ಮ 288 ಎಲ್ಲಿಂದ ಬಂತು?

ಚಂದ್ರಕಾಂತ, ಆಳಂದ

ನಾಗವೇಣಿಯವರೇ, ಮೇಡಂ ಈಗಷ್ಟೇ ತೋರಿಸಿದ ಲೆಕ್ಕದಿಂದಲೇ ಇದನ್ನು ಪರೀಕ್ಷಿಸಬಹುದು. 12 ನ್ನೂ 178 ನ್ನೂ ಮುಟ್ಟಿದ ಹೆಡ್ 166 ಕ್ಕಿಂತ ಕಡಿಮೆ ಚಲಿಸಿರಲು ಸಾಧ್ಯವಿಲ್ಲ. ನಿಮ್ಮ ಹೆಡ್ 12 ಕ್ಕೆ ಹೋಗಿಯೇ ಇಲ್ಲ. ಮೊತ್ತದ ಬದಲು ಕ್ರಮವನ್ನು ಮುದ್ರಿಸಿ ನೋಡಿ. ಹತ್ತಿರದ್ದನ್ನು ಹುಡುಕುವ ಭಾಗವನ್ನೂ ಇಲ್ಲಿ ಹಾಕಿ.

ನಾಗವೇಣಿ, ಸೇಡಂ

ಕ್ರಮ ಹೀಗೆ ಬಂದಿದೆ: 58, 64, 85, 110, 150, 178, 178, 178. ಹುಡುಕುವ ಭಾಗ ಇದು:

```c
for (k = 0; k < n; k++) {
    min = 100;
    for (i = 0; i < n; i++)
        if (!done[i] && abs(q[i] - head) < min) {
            min = abs(q[i] - head);
            idx = i;
        }
    total += abs(q[idx] - head);
    head = q[idx];
    done[idx] = 1;
}
```

ಚಂದ್ರಕಾಂತ, ಆಳಂದ

ದೋಷ `min = 100` ಎಂಬ ಸಾಲಿನಲ್ಲಿದೆ. ಹೆಡ್ 178 ರಲ್ಲಿದ್ದಾಗ ಉಳಿದಿರುವುದು 30 ಮತ್ತು 12. ದೂರ 148 ಮತ್ತು 166. ಎರಡೂ 100 ಕ್ಕಿಂತ ಹೆಚ್ಚಾದ್ದರಿಂದ `if` ಒಳಗೆ ಯಾರೂ ಬರುವುದಿಲ್ಲ, `idx` ನಲ್ಲಿ ಹಳೆಯ ಮೌಲ್ಯವೇ ಉಳಿಯುತ್ತದೆ, ಹೆಡ್ 178 ರಿಂದ 178 ಕ್ಕೆ ಎರಡು ಬಾರಿ «ಹೋಗಿ» ಸೊನ್ನೆ ಸೊನ್ನೆ ಕೂಡಿಸುತ್ತದೆ. ಪ್ರೋಗ್ರಾಂ ನಿಲ್ಲುವುದೂ ಇಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಲ್ಯಾಬ್‌ನ ಕ್ಯೂನಲ್ಲಿ 100 ಅಥವಾ ಅದಕ್ಕಿಂತ ದೊಡ್ಡ ನೆಗೆತ ಇರಲಿಲ್ಲವಾದ್ದರಿಂದ ಅಲ್ಲಿ ಇದು ಬಯಲಾಗಲಿಲ್ಲ.

`min = INT_MAX` ಎಂದು ಬರೆದು `limits.h` ಸೇರಿಸಿಕೊಳ್ಳಿ, ಹುಡುಕುವ ಮೊದಲು `idx = -1` ಎಂದು ಇಡಿ, ಹುಡುಕಿದ ಮೇಲೂ ಅದು -1 ಆಗಿಯೇ ಇದ್ದರೆ ದೋಷವನ್ನು ಮುದ್ರಿಸಿ ಪ್ರೋಗ್ರಾಂ ನಿಲ್ಲಿಸಿ. ಆಗ ಇಂಥ ತಪ್ಪು ಉಳಿದಿದ್ದರೆ ಅದು ಅಡಗಿ ಕೂರದೆ ತಕ್ಷಣ ಕಾಣಿಸಿಕೊಳ್ಳುತ್ತದೆ.

ನಾಗವೇಣಿ, ಸೇಡಂ

ಈಗ 288 ಬಂದಿತು. ರೆಕಾರ್ಡ್‌ಗೆ ಸಹಿ ಆಗಿಹೋಗಿದೆ, ಆದರೂ ಆ ಪುಟವನ್ನು ತಿದ್ದಿ ಬರೆಯುತ್ತೇನೆ.

ಅಂಬಿಕಾ, ಶಹಾಪುರ

ಶರಣು ಅವರ ಕೊನೆಯ ಪ್ರಶ್ನೆಗೆ ಉತ್ತರ ಸುಲಭವಲ್ಲವೇ? ಚಿಕ್ಕ ಕೆಲಸಗಳಿಗೆ ಮೊದಲ ಆದ್ಯತೆ ಕೊಟ್ಟರೆ ದೊಡ್ಡ ಪ್ರೊಸೆಸ್‌ಗೆ ಸಿಪಿಯು ಸಿಗುವುದೇ ಇಲ್ಲ. ಅದಕ್ಕೆ ಕಾಯುವ ಪ್ರೊಸೆಸ್‌ನ ಆದ್ಯತೆಯನ್ನು ಕಾಲಕ್ರಮೇಣ ಏರಿಸಬೇಕು. ರೌಂಡ್ ರಾಬಿನ್ ಬಳಸಿದರೆ ಸಮಸ್ಯೆಯೇ ಇರುವುದಿಲ್ಲ.

ಸುವರ್ಣಾ, ಬೀದರ್

ಅಂಬಿಕಾ, ನೀವು ಹೇಳುತ್ತಿರುವುದು ಸಿಪಿಯು ಶೆಡ್ಯೂಲಿಂಗ್‌ನ ಎಸ್‌ಜೆಎಫ್ ಬಗ್ಗೆ. ಇಲ್ಲಿ ಪ್ರಶ್ನೆ ಡಿಸ್ಕ್‌ನದು. ಎರಡಕ್ಕೂ ಹೋಲಿಕೆ ಇದೆ, ಕಾಯುತ್ತಲೇ ಉಳಿಯುವ ಅಪಾಯ ಎರಡರಲ್ಲಿಯೂ ಇದೆ. ಆದರೆ ಪ್ರೊಸೆಸ್‌ನ ಉದ್ದ ಆ ಪ್ರೊಸೆಸ್‌ಗೇ ಸೇರಿದ್ದು, ಬೇರೆಯವರ ಸರದಿ ಮುಗಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಡಿಸ್ಕ್‌ನ ಕೋರಿಕೆಗೆ «ದೂರ» ಎಂಬುದು ಹೆಡ್ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಒಂದು ಕೋರಿಕೆ ಮುಗಿದೊಡನೆ ಉಳಿದವುಗಳೆಲ್ಲದರ ದೂರವೂ ಬದಲಾಗುತ್ತದೆ. ಹೆಡ್ 60 ರ ಆಸುಪಾಸಿನಲ್ಲಿಯೇ ಸುತ್ತುತ್ತಿದ್ದರೆ 178 ದೂರವೇ ಉಳಿಯುತ್ತದೆ, ಹೆಡ್ ಒಮ್ಮೆ 150 ಕ್ಕೆ ಹೋದರೆ ಅದೇ 178 ಹತ್ತಿರದ್ದಾಗುತ್ತದೆ.

ಅಂಬಿಕಾ, ಶಹಾಪುರ

ಕ್ಷಮಿಸಿ ಮೇಡಂ, ಪ್ರಶ್ನೆಯನ್ನು ಆತುರದಲ್ಲಿ ಓದಿದೆ. ಆದರೆ ಕಾಯುವ ಕಾಲಕ್ಕೆ ಬೆಲೆ ಕೊಡಬೇಕು ಎಂಬ ನನ್ನ ಮಾತು ಡಿಸ್ಕ್‌ಗೂ ಅನ್ವಯಿಸುವುದಿಲ್ಲವೇ?

ಸುವರ್ಣಾ, ಬೀದರ್

ಅನ್ವಯಿಸುತ್ತದೆ. ಅದನ್ನು ಕಾಣಬೇಕಾದರೆ ಲ್ಯಾಬ್‌ನ ಪ್ರಶ್ನೆಯನ್ನೇ ಬದಲಿಸಬೇಕು.

ಎಂಟು ಕೋರಿಕೆಗಳನ್ನು ಒಮ್ಮೆಲೇ ಕೊಟ್ಟು, ಹೊಸದು ಯಾವುದೂ ಬರುವುದಿಲ್ಲ ಎಂದು ಕಟ್ಟಿಹಾಕಿದರೆ ಹತ್ತಿರದ ತುದಿಗೆ ಹೋಗಿ ಹಿಂದಿರುಗುವುದೇ ಕನಿಷ್ಠ. ಅಲ್ಲಿ ಎಸ್‌ಎಸ್‌ಟಿಎಫ್ ಮತ್ತು ಸ್ಕ್ಯಾನ್ ಪೈಕಿ ಯಾವುದು ಉತ್ತಮ ಎಂಬ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ, ಅಲ್ಲಿ ಯಾವ ಕೋರಿಕೆಯೂ ಕಾಯುತ್ತಲೇ ಉಳಿಯುವುದೂ ಇಲ್ಲ. ಈ ಎರಡರ ನಡುವಿನ ವ್ಯತ್ಯಾಸ ಹುಟ್ಟುವುದು ಹೆಡ್ ಚಲಿಸುತ್ತಿರುವಾಗಲೇ ಹೊಸ ಕೋರಿಕೆಗಳು ಬಂದು ಸೇರಿದಾಗ. 1967 ರಲ್ಲಿ ಪೀಟರ್ ಡೆನ್ನಿಂಗ್ ಇವೆರಡನ್ನೂ ತೂಗಿ ನೋಡಿದಾಗಲೂ ಪ್ರಶ್ನೆ ಕೋರಿಕೆಗಳು ಬರುತ್ತಲೇ ಇರುವ ಡಿಸ್ಕ್‌ನದಾಗಿತ್ತು.

ಶರಣು, ಪ್ರತಿ ಕೋರಿಕೆಗೂ ಅದು ಬಂದ ವೇಳೆಯನ್ನು ಹಿಡಿಯಲು `at[]` ಎಂಬ ಇನ್ನೊಂದು ಅರೇ ಇಟ್ಟುಕೊಳ್ಳಿ. ಒಂದು ಸಿಲಿಂಡರ್ ದಾಟಲು ಒಂದು ಘಳಿಗೆ ಎಂದು ಇಟ್ಟುಕೊಂಡರೆ ಸಾಕು. ಹೆಡ್ 60 ರಲ್ಲಿದೆ, ಮೇಲ್ಮುಖ. 70 ಮತ್ತು 178 ಸೊನ್ನೆ ಘಳಿಗೆಯಲ್ಲಿಯೇ ಕಾಯುತ್ತಿವೆ. 5 ನೆಯ ಘಳಿಗೆಗೆ 50 ಬರುತ್ತದೆ, 25 ಕ್ಕೆ 66, 45 ಕ್ಕೆ 52, 55 ಕ್ಕೆ 68. ಒಟ್ಟು ಚಲನೆಯನ್ನು ಬಿಟ್ಟುಬಿಡಿ. ಪ್ರತಿ ಕೋರಿಕೆ ಬಂದಾಗಿನಿಂದ ಮುಗಿಯುವವರೆಗೆ ಎಷ್ಟು ಕಾಯಿತು ಎಂದು ಅಳೆದು, ಸರಾಸರಿಯನ್ನೂ ಅತಿ ಹೆಚ್ಚಿನದನ್ನೂ ಬರೆಯಿರಿ.

ಮಲ್ಲಿಕಾರ್ಜುನ, ಯಾದಗಿರಿ

ನಮಸ್ಕಾರ. ನನ್ನದು ಯಾದಗಿರಿಯಲ್ಲಿ ಡಿಟಿಪಿ ಅಂಗಡಿ. ಲಗ್ನಪತ್ರಿಕೆಯ ಹಂಗಾಮಿನಲ್ಲಿ ಕಂಪ್ಯೂಟರ್ ತೀರಾ ನಿಧಾನವಾಗುತ್ತದೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ನೂರಕ್ಕೆ ನೂರು ಎಂದು ತೋರಿಸುತ್ತದೆ. ಹಳೆಯ ಹಾರ್ಡ್ ಡಿಸ್ಕ್, ವಿಂಡೋಸ್ ಇದೆ. ಡಿಸ್ಕ್ ಸ್ಕ್ಯಾನ್ ಮಾಡಿಸಿದರೆ ಗಂಟೆಗಟ್ಟಲೆ ಹಿಡಿಯುತ್ತದೆ. ನೀವೆಲ್ಲ ಹೇಳುತ್ತಿರುವ ಈ ಸ್ಕ್ಯಾನ್ ಮತ್ತು ಎಸ್‌ಎಸ್‌ಟಿಎಫ್ ಪೈಕಿ ನನ್ನ ಕಂಪ್ಯೂಟರ್‌ಗೆ ಯಾವುದನ್ನು ಹಾಕಿಸಬೇಕು?

ಚಂದ್ರಕಾಂತ, ಆಳಂದ

ಮಲ್ಲಿಕಾರ್ಜುನ ಅವರೇ, ನೀವು ಮಾಡಿಸುವ ಸ್ಕ್ಯಾನ್ ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್‌ಗಳಿವೆಯೇ ಎಂದು ನೋಡುವ ತಪಾಸಣೆ. ಇಲ್ಲಿ ಚರ್ಚೆಯಾಗುತ್ತಿರುವುದು ಕೋರಿಕೆಗಳನ್ನು ಯಾವ ಕ್ರಮದಲ್ಲಿ ಪೂರೈಸಬೇಕು ಎಂಬ ವಿಧಾನ, ಹೆಸರು ಮಾತ್ರ ಒಂದೇ. ವಿಂಡೋಸ್‌ನಲ್ಲಿ ಈ ವಿಧಾನವನ್ನು ನೀವು ಆರಿಸುವಂತಹ ಸೆಟ್ಟಿಂಗ್ ಇಲ್ಲ. ಈ ಕಾಲದ ಸಾಟಾ ಹಾರ್ಡ್ ಡಿಸ್ಕ್ ತಾನೇ 32 ಕೋರಿಕೆಗಳವರೆಗೆ ಇಟ್ಟುಕೊಂಡು, ಪ್ಲೇಟ್ ತಿರುಗುವುದನ್ನೂ ಲೆಕ್ಕಕ್ಕೆ ಹಿಡಿದು ತನ್ನದೇ ಕ್ರಮವನ್ನು ಮಾಡಿಕೊಳ್ಳುತ್ತದೆ.

ತಪಾಸಣೆಯೇ ಗಂಟೆಗಟ್ಟಲೆ ಹಿಡಿಯುತ್ತಿದ್ದರೆ, ಜೊತೆಗೆ ಕಟ್ ಕಟ್ ಎಂಬ ಸದ್ದೂ ಬರುತ್ತಿದ್ದರೆ, ಗಿರಾಕಿಗಳ ಫೈಲ್‌ಗಳನ್ನು ಮೊದಲು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ಆಮೇಲೆ ಎಸ್‌ಎಸ್‌ಡಿ ಹಾಕಿಸಿ. ಅದರಲ್ಲಿ ಚಲಿಸುವ ಹೆಡ್ ಇಲ್ಲವಾದ್ದರಿಂದ ಈ ಚರ್ಚೆಯ ಬಹುಭಾಗ ಅದಕ್ಕೆ ಸಂಬಂಧಿಸುವುದೇ ಇಲ್ಲ.

ಶರಣು, ಕಲಬುರಗಿ

ಮೇಡಂ ಹೇಳಿದಂತೆ ಮಾಡಿದೆ. ಕಾಗದದ ಮೇಲೆಯೂ ಬರೆದು ತಾಳೆ ನೋಡಿದೆ.

ಎಸ್‌ಎಸ್‌ಟಿಎಫ್‌ನಲ್ಲಿ 10 ನೆಯ ಘಳಿಗೆಗೆ 70 ಮುಗಿಯಿತು. ಅಷ್ಟರಲ್ಲಿ 50 ಬಂದಿತ್ತು, ಅದಕ್ಕೆ 20 ಹೆಜ್ಜೆ, 178 ಕ್ಕೆ 108 ಹೆಜ್ಜೆ. ಆದ್ದರಿಂದ 30 ಕ್ಕೆ 50 ಮುಗಿಯಿತು. ಹೀಗೆಯೇ 46 ಕ್ಕೆ 66, 60 ಕ್ಕೆ 52, 76 ಕ್ಕೆ 68. ಪ್ರತಿ ಬಾರಿಯೂ 178 ಕಾಯುತ್ತಲೇ ಇತ್ತು, ಕೊನೆಗೆ ಬೇರಾರೂ ಇಲ್ಲದಾಗ 186 ನೆಯ ಘಳಿಗೆಗೆ ಅದರ ಸರದಿ ಬಂದಿತು.

ಲುಕ್‌ನಲ್ಲಿ 70 ಆದಮೇಲೆ ಹೆಡ್ ನೇರವಾಗಿ ಮೇಲೆ ಹೋಗಿ 118 ಕ್ಕೆ 178 ನ್ನು ಮುಗಿಸಿತು. ಆಮೇಲೆ ಇಳಿಯುತ್ತಾ 228 ಕ್ಕೆ 68, 230 ಕ್ಕೆ 66, 244 ಕ್ಕೆ 52, 246 ಕ್ಕೆ 50.

ಸರಾಸರಿ ಕಾಯುವಿಕೆ ಎಸ್‌ಎಸ್‌ಟಿಎಫ್‌ನಲ್ಲಿ ಸುಮಾರು 46, ಲುಕ್‌ನಲ್ಲಿ ಸುಮಾರು 158. ಅತಿ ಹೆಚ್ಚು ಕಾದದ್ದು ಎಸ್‌ಎಸ್‌ಟಿಎಫ್‌ನಲ್ಲಿ 178, ಅದು 186 ಘಳಿಗೆ ಕಾಯಿತು. ಲುಕ್‌ನಲ್ಲಿ 50, ಅದು 241 ಘಳಿಗೆ ಕಾಯಿತು.

ಹೀಗಾದರೆ ಎರಡೂ ಅಳತೆಯಲ್ಲಿ ಎಸ್‌ಎಸ್‌ಟಿಎಫ್ ಗೆದ್ದಿತಲ್ಲ ಮೇಡಂ? ನನ್ನ ಗೊಂದಲ ಮೊದಲಿಗಿಂತ ಹೆಚ್ಚಾಗಿದೆ.

ರಫೀಕ್, ಹುಮನಾಬಾದ್

ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಸುವರ್ಣಾ, ಬೀದರ್

ನಿಮ್ಮ ಅಂಕಿಗಳು ಸರಿಯಾಗಿವೆ, ಅವುಗಳನ್ನು ಮುಚ್ಚಿಡದೆ ಬರೆದದ್ದು ಇನ್ನೂ ಒಳ್ಳೆಯದು. ಎಸ್‌ಎಸ್‌ಟಿಎಫ್‌ನ ಸರಾಸರಿ ಬಹಳ ಚೆನ್ನಾಗಿರುತ್ತದೆ, ಇದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಇಲ್ಲಿ ಹೊಸ ಕೋರಿಕೆಗಳು ನಾಲ್ಕಕ್ಕೆ ನಿಂತುಹೋದವು, ಅದಕ್ಕೇ 178 ಬಚಾವಾಯಿತು.

ಈಗ 70 ನೆಯ ಘಳಿಗೆಯಿಂದ ಪ್ರತಿ 16 ಘಳಿಗೆಗೆ ಒಂದರಂತೆ 52, 68, 52, 68 ಎಂದು ಇನ್ನೂ ಇಪ್ಪತ್ತು ಕೋರಿಕೆಗಳನ್ನು ಸೇರಿಸಿ. 76 ಕ್ಕೆ 68 ಮುಗಿಯುವ ಹೊತ್ತಿಗೆ ಹೊಸ 52 ಬಂದು ಕಾಯುತ್ತಿರುತ್ತದೆ, ಅದು ಮುಗಿಯುವ ಹೊತ್ತಿಗೆ ಹೊಸ 68. ಪ್ರತಿಯೊಂದೂ 178 ರ ಸರದಿಯನ್ನು 16 ಘಳಿಗೆ ಮುಂದಕ್ಕೆ ತಳ್ಳುತ್ತದೆ. ಇಪ್ಪತ್ತೂ ಮುಗಿಯುವಾಗ 396, ಅಲ್ಲಿಂದ 110 ನಡೆದು 178 ಮುಟ್ಟುವಾಗ 506. ಇನ್ನೂರು ಸೇರಿಸಿದರೆ ಅದು ಇನ್ನೂ ಮುಂದೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಗಡಿಯೇ ಇಲ್ಲ.

ಲುಕ್‌ನಲ್ಲಿ ಎಷ್ಟೇ ಸೇರಿಸಿದರೂ 178 ಮುಗಿಯುವುದು 118 ಕ್ಕೇ, ಏಕೆಂದರೆ ಹೊಸದಾಗಿ ಬರುವವೆಲ್ಲ ಹೆಡ್‌ನ ಬೆನ್ನ ಹಿಂದಿವೆ. ಅತಿ ಹೆಚ್ಚಿನ ಕಾಯುವಿಕೆಯೂ 241 ರಲ್ಲಿಯೇ ಇರುತ್ತದೆ. ಹೆಡ್ ದಾಟಿದ ಕೂಡಲೇ ಅದರ ಹಿಂದೆ ಬಂದು ಸೇರಿದ ಕೋರಿಕೆಗೂ, ತುದಿಯನ್ನು ಮುಟ್ಟುವ ಸ್ಕ್ಯಾನ್‌ನಲ್ಲಿ, ಹೆಚ್ಚೆಂದರೆ ಎರಡು ಪೂರ್ಣ ಓಟ, ಅಂದರೆ 398 ಸಿಲಿಂಡರ್ ಚಲನೆಯೊಳಗೆ ಸರದಿ ಬರುತ್ತದೆ.

ವೈವಾದ ಪ್ರಶ್ನೆಗೆ ನಾನು ಬಯಸುವ ಉತ್ತರ ಇದು: ಎಸ್‌ಎಸ್‌ಟಿಎಫ್‌ನಲ್ಲಿ ಸರಾಸರಿ ಕಡಿಮೆ, ಆದರೆ ಒಂದು ಕೋರಿಕೆ ಎಷ್ಟು ಕಾಯಬಹುದು ಎಂದು ಮೊದಲೇ ಹೇಳಲಾಗುವುದಿಲ್ಲ. ಸ್ಕ್ಯಾನ್‌ನಲ್ಲಿ ಹೇಳಬಹುದು.

ಮಲ್ಲಿಕಾರ್ಜುನ, ಯಾದಗಿರಿ

ಉತ್ತರಕ್ಕೆ ಧನ್ಯವಾದಗಳು ಚಂದ್ರಕಾಂತ ಅವರೇ, ಫೈಲ್‌ಗಳನ್ನು ಇಂದೇ ನಕಲು ಮಾಡುತ್ತೇನೆ. ಮೇಡಂ ಹೇಳಿದ್ದು ಓದಿದಾಗ ಬೇಸಿಗೆಯಲ್ಲಿ ನಮ್ಮ ಬಡಾವಣೆಗೆ ಬರುವ ನೀರಿನ ಟ್ಯಾಂಕರ್ ನೆನಪಾಯಿತು. ಹತ್ತಿರದ ಓಣಿಯವರು ಕರೆಯುತ್ತಲೇ ಇರುತ್ತಾರೆ, ಟ್ಯಾಂಕರಿನವನು ಅಲ್ಲೇ ಸುತ್ತುತ್ತಾನೆ, ಊರ ಕೊನೆಯಲ್ಲಿರುವ ನಮ್ಮ ಮನೆಗೆ ಸಂಜೆಯಾದರೂ ನೀರು ಬರುವುದಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲಾಗಿ ಹೋಗಿದ್ದರೆ ತಡವಾದರೂ ಬರುತ್ತಿತ್ತು.

ರಫೀಕ್, ಹುಮನಾಬಾದ್

ಹೋಲಿಕೆ ಹೊಂದುತ್ತದೆ ಅಣ್ಣ, ಒಂದು ವ್ಯತ್ಯಾಸವನ್ನು ಬಿಟ್ಟು. ಟ್ಯಾಂಕರ್ ನೀರು ತುಂಬಿಸಿಕೊಳ್ಳಲು ನಡುವೆ ಹಿಂದಿರುಗಬೇಕು, ಹೆಡ್‌ಗೆ ಅಂಥ ಅಗತ್ಯವಿಲ್ಲ.

ಅಂಬಿಕಾ, ಶಹಾಪುರ

ಆದರೆ ಶರಣು ಅವರ ಮೊದಲ ಕ್ಯೂನಲ್ಲಿ, ಮೇಲ್ಮುಖ ಸ್ಕ್ಯಾನ್‌ನಲ್ಲಿ, 58 ನ್ನು ನೋಡಿ. ಹೆಡ್ 60 ರಲ್ಲಿದ್ದಾಗ ಅದು ಎರಡೇ ಹೆಜ್ಜೆ ದೂರದಲ್ಲಿತ್ತು. ಹೆಡ್ 199 ಕ್ಕೆ ಹೋಗಿ ಹಿಂದಿರುಗುವ ಹೊತ್ತಿಗೆ 280 ಸಿಲಿಂಡರ್ ಚಲನೆ ಆಗಿತ್ತು. ಇದನ್ನು ನ್ಯಾಯ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ.

ಚಂದ್ರಕಾಂತ, ಆಳಂದ

ಅಂಬಿಕಾ ಅವರ ಆಕ್ಷೇಪ ಸರಿಯಾದದ್ದು. ಸ್ಕ್ಯಾನ್‌ನಲ್ಲಿ ನಡುವಿನ ಸಿಲಿಂಡರ್‌ಗಳ ಮೇಲೆ ಹೆಡ್ ಸರಿಸುಮಾರು ಸಮ ಅಂತರದಲ್ಲಿ ಹಾದುಹೋಗುತ್ತದೆ. ಅಂಚಿನ ಸಿಲಿಂಡರ್‌ಗಳಿಗೆ ಎರಡು ಭೇಟಿಗಳು ಬೆನ್ನುಬೆನ್ನಿಗೆ ಬಂದು, ಆಮೇಲೆ ದೀರ್ಘ ಕಾಯುವಿಕೆ ಇರುತ್ತದೆ. ಒಂದೇ ದಿಕ್ಕಿನಲ್ಲಿ ಪೂರೈಸಿ ಖಾಲಿ ಹಿಂದಿರುಗುವ ಸಿ-ಸ್ಕ್ಯಾನ್ ಇರುವುದು ಈ ಅಸಮತೆಯನ್ನು ತೆಗೆಯುವುದಕ್ಕೆ.

ಮೇಡಂ ಹೇಳಿದ 398 ರ ಗಡಿಗೆ ಒಂದು ಷರತ್ತನ್ನು ಸೇರಿಸಬೇಕು. ಅದು ಚಲನೆಗೆ ಹಾಕಿದ ಗಡಿ, ಕಾಲಕ್ಕೆ ಹಾಕಿದ ಗಡಿಯಲ್ಲ. ಹೆಡ್ ನಿಂತಿರುವ ಸಿಲಿಂಡರ್‌ಗೇ ಕೋರಿಕೆಗಳು ಬರುತ್ತಲೇ ಇದ್ದರೆ ಸ್ಕ್ಯಾನ್ ಕೂಡ ಅಲ್ಲಿಯೇ ಅಂಟಿಕೊಳ್ಳುತ್ತದೆ, ಒಂದೇ ಫೈಲ್‌ನ ಮೇಲೆ ಪ್ರೋಗ್ರಾಂ ಬಿಡದೆ ಬರೆಯುತ್ತಿರುವಾಗ ಹೀಗಾಗಬಹುದು. ಅದನ್ನು ತಡೆಯಲು ಕ್ಯೂವನ್ನು ಎರಡಾಗಿ ಒಡೆದು, ಈ ಓಟದ ನಡುವೆ ಬಂದವನ್ನೆಲ್ಲ ಮುಂದಿನ ಓಟಕ್ಕೆ ಇಡುವ ಎಫ್‌-ಸ್ಕ್ಯಾನ್ ಎಂಬ ವಿಧಾನವಿದೆ.

ಲ್ಯಾಬ್‌ನಲ್ಲಿ ಉಬುಂಟು ಇದ್ದರೆ ಇದನ್ನು ಟೈಪ್ ಮಾಡಿ ನೋಡಿ:

```
cat /sys/block/sda/queue/scheduler
```

ಚೌಕ ಆವರಣದೊಳಗೆ ಇರುವ ಹೆಸರು ಈಗ ಬಳಕೆಯಲ್ಲಿರುವುದು. ಹಾರ್ಡ್ ಡಿಸ್ಕ್ ಇದ್ದರೆ ಅಲ್ಲಿ ಹೆಚ್ಚಾಗಿ `mq-deadline` ಕಾಣುತ್ತದೆ. ಅದು ಕೋರಿಕೆಗಳನ್ನು ಸೆಕ್ಟರ್ ಸಂಖ್ಯೆಯ ಕ್ರಮದಲ್ಲಿ ಒಂದೇ ದಿಕ್ಕಿಗೆ ಕಳುಹಿಸುತ್ತಾ ಹೋಗುತ್ತದೆ, ಜೊತೆಗೆ ಪ್ರತಿ ಕೋರಿಕೆಗೂ ಒಂದು ಗಡುವನ್ನು ಕಟ್ಟುತ್ತದೆ. ಬದಲಿಸದೆ ಬಿಟ್ಟರೆ ಓದುವುದಕ್ಕೆ 500 ಮಿಲಿಸೆಕೆಂಡ್, ಬರೆಯುವುದಕ್ಕೆ 5000 ಮಿಲಿಸೆಕೆಂಡ್. ಗಡುವು ಮೀರಿದ ಕೋರಿಕೆ ಇದ್ದರೆ ಸಾಲನ್ನು ಬಿಟ್ಟು ಅದರತ್ತ ಹೋಗುತ್ತದೆ. ಕಾಯುವ ಕಾಲಕ್ಕೆ ಬೆಲೆ ಕೊಡಬೇಕು ಎಂದು ಅಂಬಿಕಾ ಕೇಳಿದ್ದು ಇದನ್ನೇ.

ರಫೀಕ್, ಹುಮನಾಬಾದ್

ಹಾಗಾದರೆ ಲಿನಕ್ಸ್ ಸ್ಕ್ಯಾನ್ ಬಳಸುತ್ತದೆ ಎಂದು ಬರೆಯಬಹುದೇ?

ಚಂದ್ರಕಾಂತ, ಆಳಂದ

ಹಾಗೆಯೇ ಬರೆಯಬೇಡಿ. ಅದರ ಓಟ ಸಿ-ಲುಕ್‌ಗೆ, ಅಂದರೆ ತುದಿಯವರೆಗೆ ಹೋಗದ ಸಿ-ಸ್ಕ್ಯಾನ್‌ಗೆ ಹತ್ತಿರ, ಗಡುವು ಅದರ ಮೇಲಿನ ಸೇರ್ಪಡೆ. ಮೇಲಾಗಿ ಲಿನಕ್ಸ್‌ಗೆ ಸಿಲಿಂಡರ್ ಕಾಣುವುದೇ ಇಲ್ಲ. ಡಿಸ್ಕ್ ತನ್ನ ಬ್ಲಾಕ್‌ಗಳಿಗೆ ಕ್ರಮಸಂಖ್ಯೆ ಮಾತ್ರ ಕೊಡುತ್ತದೆ, ಹತ್ತಿರದ ಸಂಖ್ಯೆಗಳು ಹತ್ತಿರದ ಜಾಗದಲ್ಲಿರುತ್ತವೆ ಎಂಬ ನಂಬಿಕೆಯ ಮೇಲೆ ಕೆಲಸ ನಡೆಯುತ್ತದೆ.

ಇನ್ನೊಂದು ಮಾತು. ಒಂದು ಸಿಲಿಂಡರ್‌ಗೆ ಒಂದು ಘಳಿಗೆ ಎಂಬುದು ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡದ್ದು. ಹೆಡ್‌ನ ತೋಳು ವೇಗ ಹೆಚ್ಚಿಸಿಕೊಂಡು, ಮತ್ತೆ ತಗ್ಗಿಸಿ, ಟ್ರ್ಯಾಕ್ ಮೇಲೆ ಸ್ಥಿರವಾಗಿ ನಿಲ್ಲಲು ಕಾಲ ಬೇಕು. ಆದ್ದರಿಂದ 100 ಸಿಲಿಂಡರ್ ದಾಟುವುದಕ್ಕೆ 10 ಸಿಲಿಂಡರ್ ದಾಟುವುದರ ಹತ್ತು ಪಟ್ಟು ಕಾಲ ಹಿಡಿಯುವುದಿಲ್ಲ. ಅಲ್ಲದೆ ನಿಮಿಷಕ್ಕೆ 7200 ಸುತ್ತುವ ಡಿಸ್ಕ್‌ನಲ್ಲಿ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್ ಬೇಕು, ಬೇಕಾದ ಸೆಕ್ಟರ್ ಹೆಡ್‌ನ ಕೆಳಗೆ ಬರಲು ಸರಾಸರಿ ಅದರ ಅರ್ಧದಷ್ಟು ಕಾಯಬೇಕು. ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ಎಸ್‌ಎಸ್‌ಟಿಎಫ್ ಉಳಿಸಿದಂತೆ ಕಾಣುವುದರಲ್ಲಿ ಒಂದು ಭಾಗ ಇಲ್ಲಿಯೇ ಕರಗುತ್ತದೆ.

ಸುವರ್ಣಾ, ಬೀದರ್

ಇದನ್ನು ಒಪ್ಪುತ್ತೇನೆ, ಆದರೆ ಎರಡನೆಯ ವರ್ಷದ ಲ್ಯಾಬ್‌ಗೆ ಇದನ್ನು ತರುವುದಿಲ್ಲ. ಬಂದ ವೇಳೆಯ ಅರೇ ಒಂದನ್ನು ಸೇರಿಸಿದರೆ ಸಾಕು, ಹೋಲಿಕೆಗೆ ಜೀವ ಬರುತ್ತದೆ.

ಚಂದ್ರಕಾಂತ, ಆಳಂದ

ನನಗಾದರೆ ವಿದ್ಯಾರ್ಥಿಗಳು ಒಮ್ಮೆಯಾದರೂ ಮಿಲಿಸೆಕೆಂಡ್‌ನಲ್ಲಿ ಅಳೆಯಬೇಕು ಎನಿಸುತ್ತದೆ. ಸಿಲಿಂಡರ್ ಎಣಿಸುವುದನ್ನು ಮಾತ್ರ ಕಲಿತವರು ಕೆಲಸಕ್ಕೆ ಬಂದಾಗ ಡಿಸ್ಕ್ ಏಕೆ ನಿಧಾನ ಎಂದು ಹೇಳಲಾರದೆ ನಿಲ್ಲುವುದನ್ನು ನಾನು ಕಂಡಿದ್ದೇನೆ.

ನಾಗವೇಣಿ, ಸೇಡಂ

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಹೆಡ್ 60 ರಲ್ಲಿದ್ದು 50 ಮತ್ತು 70 ಎರಡೂ ಕಾಯುತ್ತಿದ್ದರೆ ಎಸ್‌ಎಸ್‌ಟಿಎಫ್ ಯಾವುದನ್ನು ಆರಿಸಬೇಕು? ನನ್ನ ಪ್ರೋಗ್ರಾಂನಲ್ಲಿ `<` ಇದೆ, ಗೆಳತಿಯದರಲ್ಲಿ `<=` ಇದೆ. ಒಂದೇ ಕ್ಯೂಗೆ ಇಬ್ಬರಿಗೂ ಬೇರೆ ಬೇರೆ ಮೊತ್ತ ಬಂದಿತು.

ಸುವರ್ಣಾ, ಬೀದರ್

`<` ಇದ್ದರೆ ಕ್ಯೂನಲ್ಲಿ ಮೊದಲು ಬರೆದದ್ದು ಉಳಿಯುತ್ತದೆ, `<=` ಇದ್ದರೆ ಕೊನೆಯದು. ವಿಧಾನವು ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. 50 ಮತ್ತು 70 ರ ಜೊತೆಗೆ 95 ಕೂಡ ಇದೆ ಎಂದು ಇಟ್ಟುಕೊಳ್ಳಿ. 50 ಕ್ಕೆ ಮೊದಲು ಹೋದರೆ 10, 20, 25 ಸೇರಿ 55. 70 ಕ್ಕೆ ಮೊದಲು ಹೋದರೆ ಅಲ್ಲಿಂದ 50 ಕ್ಕೆ 20, 95 ಕ್ಕೆ 25, ಆದ್ದರಿಂದ ಮತ್ತೆ ಹಿಂದಿರುಗಿ 50, ಆಮೇಲೆ 95: ಒಟ್ಟು 75. ಎರಡೂ ಎಸ್‌ಎಸ್‌ಟಿಎಫ್‌ನ ಮೊತ್ತಗಳೇ. ಸಮ ದೂರ ಬಂದಾಗ ಹೆಡ್ ಚಲಿಸುತ್ತಿದ್ದ ದಿಕ್ಕಿನಲ್ಲಿಯೇ ಮುಂದುವರಿಸಿ ಎಂದು ನಾನು ಹೇಳಿಕೊಡುತ್ತೇನೆ. ಬೇರೆ ಅಧ್ಯಾಪಕರು ಚಿಕ್ಕ ಸಂಖ್ಯೆಗೆ ಹೋಗಿ ಎನ್ನುತ್ತಾರೆ.

ಶರಣು, ಕಲಬುರಗಿ

ಇಪ್ಪತ್ತು ಕೋರಿಕೆ ಸೇರಿಸಿ ಓಡಿಸಿದೆ ಮೇಡಂ, 178 ಕ್ಕೆ 506 ಬಂದಿತು, ಲುಕ್‌ನಲ್ಲಿ 118. ರೆಕಾರ್ಡ್‌ನಲ್ಲಿ ಎರಡೂ ಪಟ್ಟಿಗಳನ್ನು ಬರೆದು, ಸ್ಕ್ಯಾನ್ ಮತ್ತು ಲುಕ್ ಅನ್ನು ಬೇರೆ ಬೇರೆ ಹೆಸರಿನಲ್ಲಿಯೇ ಇಟ್ಟಿದ್ದೇನೆ. ಸೋಮವಾರ ನಮ್ಮ ಸರ್‌ಗೆ ತೋರಿಸುತ್ತೇನೆ. ಸಮ ದೂರದ ನಿಯಮ ಯಾವುದು ಎಂದು ಅವರನ್ನೇ ಕೇಳುತ್ತೇನೆ, ಏಕೆಂದರೆ ಪ್ರಶ್ನೆಯಲ್ಲಿ ಅದು ಬರೆದಿಲ್ಲ.